ಬಲಗಡೆಯ ಐದು ಹಕ್ಕಿ

ಫೋಟೊ ತೆಗೆಯುವವರು ಅಕ್ಕನ ಗಂಡ, ಅದನ್ನು ಕಂಪ್ಯೂಟರಿನಲ್ಲಿ ತಿದ್ದುವವನು ನಾನು. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಒಂದೇ ಸ್ಟುಡಿಯೊ.

"ಎಡಗಡೆ ಮರ ಭಾರವಾಯ್ತು, ಬಲಗಡೆ ಆಕಾಶ ಬೋಳು. ಕ್ಯಾಲೆಂಡರಿಗೆ ತಾನೆ, ನಾಲ್ಕೈದು ಹಕ್ಕಿ ಹಾರಿಸಿಬಿಡೋ," ಎಂದರು ಭಾವ, ತಾವು ತೆಗೆದ ಒಂದು ಮರದ ಫೋಟೊ ತೋರಿಸಿ. ಬೆಳಕಿನ ದಿಕ್ಕು ಹೊಂದುವ ಐದು ಹಕ್ಕಿಗಳನ್ನು ನನ್ನದೊಂದು ಹಳೆಯ ಫೋಟೊದಿಂದ ಕತ್ತರಿಸಿ ಕೂರಿಸಿದೆ. ಚಿತ್ರ ಸಮತೂಕಕ್ಕೆ ಬಂತು.

ಅದನ್ನೇ ಅವರು ಒಂದು ಫೋಟೊ ಸ್ಪರ್ಧೆಗೆ ಕಳಿಸಿದ್ದರು. ಏನನ್ನೂ ಸೇರಿಸಬಾರದೆಂಬುದು ಅಲ್ಲಿನ ನಿಯಮ. ಬಹುಮಾನ ಕೊಡುವ ಮೊದಲು ತೀರ್ಪುಗಾರರು ಕ್ಯಾಮೆರಾದ ಮೂಲ ಫೈಲು ಕೇಳಿದರು. ಅದರಲ್ಲಿ ಆಕಾಶ ಖಾಲಿ.

"ನನ್ನ ಭಾಮೈದನ ಕೆಲಸ ಸಾರ್. ನನಗೆ ಹೇಳದೆ ಸೇರಿಸಿಬಿಟ್ಟಿದ್ದಾನೆ," ಎಂದರು ಭಾವ ಫೋನಿನಲ್ಲಿ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅಂದಿನಿಂದ ಊರಿನ ಸ್ಟುಡಿಯೊಗಳಿಗೆಲ್ಲ ನಾನು ಕಳ್ಳ.

ಮರುವಾರ ಅವರು ಒಂದು ಮದುವೆ ಫೋಟೊ ತಂದರು. "ಮೇಲೆ ಖಾಲಿ ಹೊಡೀತಿದೆ ಕಣೋ, ಎರಡು ಮೋಡ ಹಾಕು."

"ಹಾಕ್ತೀನಿ ಭಾವ. ಹಾಕು ಅಂತ ಇಲ್ಲಿ ಬರೆದು ಸಹಿ ಮಾಡಿ."

"ಮನೆಯವರ ಮೇಲೇ ಅನುಮಾನವಾ?"

"ಹೊರಗಿನವರಾಗಿದ್ದರೆ ಕೇಳ್ತಿರಲಿಲ್ಲ."

ಭಾವ ಪೆನ್ನು ಮುಟ್ಟಲಿಲ್ಲ. ಆ ಮದುಮಕ್ಕಳ ತಲೆಯ ಮೇಲೆ ಆಕಾಶ ಬೋಳಾಗಿಯೇ ಉಳಿಯಿತು.