ಎರಡು ಕಪ್ ಮೈದಾ

ಹೊಗಳಿಯೂ ಮನುಷ್ಯರನ್ನು ಕಟ್ಟಿಹಾಕಬಹುದು ಎಂದು ನನಗೆ ಗೊತ್ತಾಗಿದ್ದು ಈ ವರ್ಷ. ಬೈದರೆ ತಿರುಗಿ ಬೈಯಬಹುದು. ಹೊಗಳಿದವರಿಗೆ ಏನು ಹೇಳುವುದು?

ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಆರು ವರ್ಷದಿಂದ ಕೇಕ್ ಮಾಡುತ್ತೇನೆ, ಮೊಟ್ಟೆ ಹಾಕದ ಕೇಕ್. ಹೊರ್ತಿಯಿಂದ ತಾಂಬಾದವರೆಗೆ ಯಾರ ಮನೆಯಲ್ಲಿ ಹುಟ್ಟುಹಬ್ಬವಾದರೂ ನಮ್ಮ ಬಾಗಿಲು ಬಡಿಯುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು, ದೊಡ್ಡ ವಿದ್ಯೆಯೇನಲ್ಲ. ಆದರೆ ಅತ್ತೆ ಸಿದ್ದಲಿಂಗವ್ವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಮ್ಮ ವಿದ್ಯಾನ ಕೈಗುಣ ನೋಡ್ರಿ." ಕೇಳಿ ಕೇಳಿ ನಾನೂ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಮುದ್ದೇಬಿಹಾಳದ ಒಂದು ಕಾಲೇಜಿನಿಂದ ಪತ್ರ ಬಂತು. ಗ್ರಂಥಪಾಲಕಿಯ ಕೆಲಸ. ಮದುವೆಗೆ ಮುಂಚೆ ಓದಿಕೊಂಡು, ಟ್ರಂಕಿನಲ್ಲಿ ಇಟ್ಟು ಮರೆತಿದ್ದ ಪದವಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಜೀವ ಬಂದಿತ್ತು. ಹತ್ತು ದಿನದೊಳಗೆ, ಅಂದರೆ ಮುಂದಿನ ಸೋಮವಾರದ ಹೊತ್ತಿಗೆ, ಹಾಜರಾಗಬೇಕು. ಅಲ್ಲೇ ಕೋಣೆ ಹಿಡಿದು ಶನಿವಾರ ಊರಿಗೆ ಬರುವುದು ಎಂದುಕೊಂಡೆ. ಮಗಳು ಧಾರವಾಡದ ಹಾಸ್ಟೆಲ್ ಸೇರಿದ್ದಳು, ಅಡ್ಡಿ ಯಾವುದೂ ಇರಲಿಲ್ಲ.

ಗಂಡ ಸಂಜೀವಕುಮಾರ ಬೇಡ ಅನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಅನ್ನುವವರಲ್ಲ, ಒಂದು ಶರತ್ತು ಇಡುತ್ತಾರೆ ಅಷ್ಟೆ.

"ಹೋಗು. ಆದ್ರ ಕೇಕಿಂದು ಹೆಸರು ಕೆಡಬಾರದು. ಶಕೀಲಾಗ ಕಲಸು. ಅಕಿ ಮಾಡಿದ್ದನ್ನ ಅವ್ವ ತಿಂದು, ಇದು ವಿದ್ಯಾಂದs ಐತಿ ಅಂದ ದಿನ ನೀ ಬ್ಯಾಗ್ ತುಂಬ್ಕೊ."

ಶಕೀಲ ಪಕ್ಕದ ಮನೆಯವಳು. ಎರಡು ವರ್ಷದಿಂದ ನನ್ನ ಜೊತೆ ಕ್ರೀಮ್ ಹಚ್ಚುತ್ತಾಳೆ, ಡಬ್ಬಿ ಕಟ್ಟುತ್ತಾಳೆ. ಹಿಟ್ಟು ಅಳೆದು ಕಲಸುವ ಕೆಲಸವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಮೈದಾ ಎರಡು ಕಪ್, ಮೊಸರು ಒಂದು ಕಪ್, ಎಣ್ಣೆ ಅರ್ಧ ಕಪ್, ಪುಡಿ ಸಕ್ಕರೆ ಒಂದು ಕಪ್, ಹಾಲು ಆರು ದೊಡ್ಡ ಚಮಚ. ಸೋಡಾ, ಬೇಕಿಂಗ್ ಪೌಡರು ಸಣ್ಣ ಚಮಚದ ಲೆಕ್ಕ. ಅಡುಗೆಮನೆಯಲ್ಲಿ ಅವಳನ್ನೂ ಅತ್ತೆಯನ್ನೂ ಬಿಟ್ಟು ಬಟ್ಟೆ ಇಸ್ತ್ರಿ ಮಾಡಲು ಕುಳಿತೆ, ಮನಸ್ಸು ಆಗಲೇ ಮುದ್ದೇಬಿಹಾಳದ ಬಸ್ಸು ಹತ್ತಿತ್ತು.

ಕೇಕ್ ನೆತ್ತಿ ಸೀಳಿಕೊಂಡು ಹೊರಬಂತು. ಕೊಯ್ದರೆ ಪುಡಿಪುಡಿ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ನೀರು ಕೇಳಿದರು.

"ಕೈಗುಣ ಯವ್ವಾ. ಅದನ್ನ ಹಾಳ್ಯಾಗ ಹೆಂಗ ಬರದ ಕೊಡ್ತಿ?"

ಶಕೀಲ ತನ್ನ ಮನೆಯಿಂದ ಬೇರೆ ಕಪ್ಪು ತಂದು ಅಳೆದಿರಬೇಕು ಎಂದು ನನಗೆ ಅನುಮಾನ. ಕೇಳಿದರೆ ಅವಳು ನನ್ನ ಕಪ್ಪನ್ನೇ ಎತ್ತಿ ತೋರಿಸಿದಳು. ಸರಿ, ಗೊಂದಲವೇ ಬೇಡ ಎಂದು ಗೆರೆ ಕೊರೆದ ಅಳತೆಯ ಜಗ್ಗು ತಂದು ಕಪ್ಪು, ಚಮಚ ಎಲ್ಲವನ್ನೂ ನೀರು ಹಾಕಿ ಅಳೆದೆ. ಕಪ್ಪಿಗೆ ಇನ್ನೂರಾ ನಲವತ್ತು ಮಿಲಿ. ದೊಡ್ಡ ಚಮಚಕ್ಕೆ ಹದಿನೈದು, ಸಣ್ಣದಕ್ಕೆ ಐದು. ಹದಿನಾರು ದೊಡ್ಡ ಚಮಚ ಸುರಿದರೆ ಒಂದು ಕಪ್ಪು ತುಂಬುತ್ತದೆ, ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ. ಹೊಸ ಹಾಳೆ ಬರೆದೆ: ಮೊಸರು ಇನ್ನೂರಾ ನಲವತ್ತು ಮಿಲಿ, ಎಣ್ಣೆ ನೂರಾ ಇಪ್ಪತ್ತು, ಹಾಲು ತೊಂಬತ್ತು, ಮೈದಾ ನಾನೂರಾ ಎಂಬತ್ತು. ಲೆಕ್ಕ ಸರಿಯಾಗಿಯೇ ಇತ್ತು. ಹಾಲಿಗೂ ಎಣ್ಣೆಗೂ ಆ ಲೆಕ್ಕ ಸಾಕಿತ್ತು ಕೂಡ.

ಅಷ್ಟರಲ್ಲಿ ನಮ್ಮವರು ಬಂದರು. ಹಾಳೆ ನೋಡಿದರು. ಕೇಕ್ ತಿನ್ನುವುದು ಬಿಟ್ಟರೆ ಅದರ ಸಂಬಂಧ ಏನೂ ಗೊತ್ತಿಲ್ಲದ ಮನುಷ್ಯ.

"ಹಿಟ್ಟನ್ನ ಯಾರರೆ ಮಿಲಿದಾಗ ಅಳೀತಾರೇನ? ತಕ್ಕಡಿ ಐತೆಲ್ಲ ಮನ್ಯಾಗ. ನಾನೂರಾ ಎಂಬತ್ತು ಮಿಲಿ ಅಂದ್ರ ನಾನೂರಾ ಎಂಬತ್ತು ಗ್ರಾಂ. ತೂಗಿ ಹಾಕ್ರಿ."

ನೀರಿಗೆ ಅದು ನಿಜ. ಹಿಟ್ಟಿಗೂ ನಿಜವಿರಬಹುದು ಎಂದು ನಾನೂ ನಂಬಿದೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಕಲಸುವಾಗಲೇ ಶಕೀಲಾಳ ಮಣಿಕಟ್ಟು ಸೋತಿತು. ಒಲೆಯಿಂದ ಬಂದದ್ದು ಕೇಕ್ ಅಲ್ಲ, ಇಟ್ಟಂಗಿ. ಆ ದಿನ ಗುರುವಾರ. ಮೊದಲು ಅತ್ತೆ ನಕ್ಕರು, ಆಮೇಲೆ ಗಂಡ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ನೀ ಏನರೆ ಮುಚ್ಚಿಡಾಕತ್ತೀಯೇನ?"

ಮೈ ಉರಿದುಹೋಯಿತು. ಹೋಗಲು ಹಾತೊರೆಯುತ್ತಿರುವವಳು ನಾನು, ಗುಟ್ಟು ಮುಚ್ಚಿಟ್ಟು ನನ್ನ ಕಾಲಿಗೆ ನಾನೇ ಹಗ್ಗ ಬಿಗಿದುಕೊಳ್ಳಲೆ? "ಮುಚ್ಚಿಡೂದು ಏನೂ ಇಲ್ರಿ," ಎಂದೆ. "ಮತ್ತ ಕೈಗುಣಾನ ಇರಬೇಕು," ಎಂದು ಅವರು ಚಪ್ಪಲಿ ಮೆಟ್ಟಿದರು. ಕೈಗುಣ ಎಂಬ ಮಾತು ಈಗ ನನಗೆ ಬಾಗಿಲ ಚಿಲಕ ಹಾಕಿದಂತೆ ಕೇಳಿಸುತ್ತಿತ್ತು. ಕೈಗುಣ ಇದ್ದರೆ ಅದು ಕೈ ಬಿಟ್ಟು ಬೇರೆಯವರಿಗೆ ಹೋಗುವುದಿಲ್ಲ. ಹೋಗದಿದ್ದರೆ ನಾನೂ ಹೋಗುವಂತಿಲ್ಲ. ಇಸ್ತ್ರಿ ಮಾಡಿಟ್ಟ ಸೀರೆಗಳನ್ನು ನೋಡಲು ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಶಕೀಲಾಳನ್ನು ಕರೆದು, "ಮೊದಲನೇ ದಿನ ಹೆಂಗ ಅಳದಿ, ಹಂಗs ಅಳದ ತೋರ್ಸು," ಎಂದೆ. ಈ ಸಲ ಎದುರಿಗೇ ಕುಳಿತೆ.

ಅವಳು ಕಪ್ಪನ್ನು ಮೈದಾದ ಡಬ್ಬಿಯೊಳಗೆ ಮುಳುಗಿಸಿದಳು. ಕಟ್ಟೆಯ ಮೇಲೆ ಟಕ್ ಟಕ್ ಎಂದು ಮೂರು ಸಲ ಕುಕ್ಕಿದಳು. ಹಿಟ್ಟು ಇಳಿಯಿತು. ಮತ್ತೆ ಹಾಕಿ, ಅಂಗೈಯಿಂದ ಒತ್ತಿ, ಮೇಲೊಂದು ಗೋಪುರ ಏರಿಸಿದಳು.

"ಹಿಂಗ್ಯಾಕ ಕುಕ್ಕತಿ?"

"ಅಮ್ಮಾರು ಹೇಳಿದ್ರಿ ಅಕ್ಕಾರ. ಅಳತಿ ಕುಕ್ಕಿ ತುಂಬಬೇಕು, ಸಡ್ಲ ತುಂಬಿದ್ರ ಮನಿಗಿ ಬರಕತ್ತ ಆಗೂದಿಲ್ಲ ಅಂತ."

ಹೌದಲ್ಲ! ನಮ್ಮ ಕಡೆ ರಾಶಿಯ ದಿನ ಜೋಳ ಅಳೆಯುವುದು ಹಾಗೆಯೇ. ಒಂದು ಎನ್ನದೆ 'ಲಾಭ' ಎಂದು ಎಣಿಕೆ ಶುರು, ಸೇರನ್ನು ಕುಕ್ಕಿ, ತಲೆ ಕಟ್ಟಿ ಸುರಿಯಬೇಕು. ಕೊರತೆ ಅಳೆದ ಕೈ ಕೆಟ್ಟ ಕೈ. ಪಾಪ, ಅತ್ತೆ ತಮಗೆ ಗೊತ್ತಿದ್ದ ಒಳ್ಳೆಯದನ್ನೇ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ನಾನೋ, ವಿಡಿಯೋದಲ್ಲಿ ನೋಡಿದಂತೆ, ಹಿಟ್ಟನ್ನು ಮೊದಲು ಚಮಚದಿಂದ ಸಡಿಲಿಸಿ, ಮೆಲ್ಲಗೆ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ತೆಗೆಯುತ್ತೇನೆ. ರೂಢಿಯಾಗಿ ಹೋದದ್ದನ್ನು ಹಾಳೆಯಲ್ಲಿ ಬರೆಯಬೇಕು ಎಂದೇ ಹೊಳೆದಿರಲಿಲ್ಲ.

ತಕ್ಕಡಿ ಇಳಿಸಿದೆ. ಒಂದು ಕೆಜಿ, ಅರ್ಧ ಕೆಜಿ ಎಂದು ಆದ ಕೇಕನ್ನು ಆರು ವರ್ಷ ತೂಗಿದ್ದೇನೆ, ಹಿಟ್ಟನ್ನು ಒಂದು ದಿನವೂ ಅದರ ಮೇಲೆ ಇಟ್ಟವಳಲ್ಲ. ಶಕೀಲಾಳ ಗೋಪುರದ ಕಪ್ಪು ನೂರಾ ಎಂಬತ್ತೊಂದು ಗ್ರಾಂ ತೂಗಿತು. ಗೋಪುರ ಸವರಿದರೆ ನೂರಾ ಐವತ್ತಾರು. ನನ್ನ ಕೈಯಿಂದ ಅದೇ ಕಪ್ಪು, ಅದೇ ಡಬ್ಬಿಯ ಮೈದಾ: ನೂರಾ ಹದಿನೆಂಟು. ಜರಡಿ ಹಿಡಿದು ತುಂಬಿದರೆ ನೂರಾ ಹನ್ನೆರಡು!

"ಅಯ್ಯ, ಅಕ್ಕಾರ, ಕಪ್ಪು ಒಂದs ಐತೆಲ್ರಿ!" ಎಂದಳು ಶಕೀಲ.

ಕಪ್ಪು ಒಂದೇ. ಅದು ಹಿಡಿಯುವ ಜಾಗ ಒಂದೇ, ಇನ್ನೂರಾ ನಲವತ್ತು ಮಿಲಿ. ಆದರೆ ಹಿಟ್ಟಿನ ಕಣಗಳ ನಡುವೆ ಗಾಳಿ ಕೂತಿರುತ್ತದೆ. ಕುಕ್ಕಿದರೆ ಗಾಳಿ ಹೊರಗೆ, ಆ ಜಾಗಕ್ಕೆ ಇನ್ನಷ್ಟು ಹಿಟ್ಟು ಒಳಗೆ. ಹಾಲನ್ನು ಎಷ್ಟು ಕುಕ್ಕಿದರೂ ಅದು ಒತ್ತಿಕೊಳ್ಳುವುದಿಲ್ಲ, ಅದಕ್ಕೇ ಹಾಲಿನ ಕಪ್ಪು ಯಾರು ತುಂಬಿದರೂ ಒಂದೇ. ನನ್ನ ರೀತಿಯಲ್ಲಿ ತುಂಬು ಎಂದು ಶಕೀಲಾಳಿಗೆ ಹೇಳಿಕೊಟ್ಟೆ. ಒಂದು ಸಲ ನೂರಾ ಇಪ್ಪತ್ತೊಂಬತ್ತು, ಇನ್ನೊಂದು ಸಲ ನೂರಾ ಮೂವತ್ತನಾಲ್ಕು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಕಪ್ಪಿಗೆ ನೂರಾ ಇಪ್ಪತ್ತು ಅನ್ನುತ್ತಾರೆ, ಇನ್ನೊಬ್ಬರು ನೂರಾ ಇಪ್ಪತ್ತೈದು, ಮತ್ತೊಬ್ಬರು ನೂರಾ ನಲವತ್ತು. ಯಾರೂ ಸುಳ್ಳು ಹೇಳುತ್ತಿಲ್ಲ, ಪ್ರತಿಯೊಬ್ಬರೂ ತಮ್ಮ ಕೈ ತೂಗಿದ್ದಾರೆ.

ಹಾಗಾದರೆ ಕಪ್ಪಿನ ಗೊಡವೆಯೇ ಬೇಡ. ನಾನು ಅಳೆಯುವ ಎರಡು ಕಪ್ಪನ್ನು ಐದು ಸಲ ತೂಗಿದೆ. ಇನ್ನೂರಾ ಮೂವತ್ತಾರರಿಂದ ಇನ್ನೂರಾ ನಲವತ್ತೆರಡರ ನಡುವೆ ಆಡಿತು. ಅಷ್ಟು ಹೆಚ್ಚುಕಡಿಮೆಗೆ ನನ್ನ ಕೇಕ್ ಎಂದೂ ಕೆಟ್ಟಿಲ್ಲ. ಹಾಳೆಯಲ್ಲಿ ಬರೆದೆ: ಮೈದಾ ಇನ್ನೂರಾ ನಲವತ್ತು ಗ್ರಾಂ. ಪುಡಿ ಸಕ್ಕರೆಗೂ ಇದೇ ರೋಗ, ಅದನ್ನೂ ತೂಗಿ ಬರೆದೆ. ಹಾಲು ಎಣ್ಣೆ ಮಿಲಿಯಲ್ಲೇ ಉಳಿದವು.

ಶಕೀಲ ಒಬ್ಬಳೇ ಮಾಡಿದಳು. ಕುಕ್ಕಲಿ, ಒತ್ತಲಿ, ಉದುರಿಸಲಿ, ತಕ್ಕಡಿ ಇನ್ನೂರಾ ನಲವತ್ತು ತೋರಿಸಿದಾಗ ನಿಲ್ಲಿಸಿದಳು. ಕೇಕ್ ನನ್ನದರಷ್ಟೇ ಎದ್ದಿತು, ಬೆರಳಿಂದ ಒತ್ತಿದರೆ ಮೇಲೆ ಬಂತು. ಅವಳು ಒಂದು ತುಂಡು ಕಟ್ಟಿಕೊಂಡು ಕುಣಿಯುತ್ತ ಮನೆಗೆ ಓಡಿದಳು. ನನಗೆ ಖುಷಿಯಾಯಿತು, ಜೊತೆಗೆ ಎಲ್ಲೋ ಚುರ್ ಎಂದಿತು. ಆರು ವರ್ಷದ ನನ್ನ ಕೈಗುಣ ಒಂದು ಅಂಕಿಯಾಗಿ ಹಾಳೆಯ ಮೇಲೆ ಬಿದ್ದಿತ್ತು.

ಅತ್ತೆಯ ಮುಂದೆ ತಟ್ಟೆ ಇಟ್ಟೆ. ತಿಂದರು. ಎರಡನೆಯ ತುಂಡನ್ನೂ ತಿಂದರು.

"ನೀವು ಅಕಿಗಿ ಜ್ವಾಳಾ ಅಳದಂಗ ಕುಕ್ಕಿ ಅಳ್ಯಾಕ ಹೇಳಿದ್ರಿ ಅತ್ತಿ," ಎಂದು ನಕ್ಕೆ. "ಅಲ್ಲೇ ಕೆಟ್ಟಿದ್ದು. ನಿಮಗೇನ ಗೊತ್ತಿತ್ತು, ಬಿಡ್ರಿ."

"ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ.

"ಹೂವಿನ ಹಿಪ್ಪರಗ್ಯಾಗ ನಮ್ಮಪ್ಪನ ಕಣದಾಗ ಅಳದ ಬೆಳದಾಕಿ ನಾ. ಕುಕ್ಕಿದ ಸೇರು ಎಷ್ಟ ಹಿಡಿತೈತಿ, ಸಡ್ಲ ಸೇರು ಎಷ್ಟ ಹಿಡಿತೈತಿ, ನನಗ್ಯಾರ ಹೇಳಬೇಕು? ನೀ ಹೆಂಗ ತುಂಬತಿ ಅಂತ ಆರು ವರ್ಷ ಇಲ್ಲೇ ಕುಂತ ನೋಡೇನಿ. ಗೊತ್ತಿದ್ದs ಹೇಳೇನಿ."

ಎರಡು ಕೇಕ್ ಕೆಟ್ಟಾಗಲೂ ಇದೇ ಮುದುಕಿ ಇದೇ ಮಣೆಯ ಮೇಲೆ ಕುಳಿತು ನೀರು ಕುಡಿದಿದ್ದರು, ನಕ್ಕಿದ್ದರು. ನನ್ನ ಗಂಡ ನನ್ನನ್ನು ಕಳ್ಳಿಯಂತೆ ನೋಡಿದಾಗಲೂ ಬಾಯಿ ಬಿಟ್ಟಿರಲಿಲ್ಲ.

"ಯಾಕ್ರಿ?" ಎಂದೆ.

"ಏಳನೇತ್ತೆ ಪಾಸಾಗಿದ್ನಿ ನಾ. ನಮ್ಮೂರ ಮಾಸ್ತರು ಟ್ರೇನಿಂಗಿಗಿ ಹೆಸರು ಬರಸಿದ್ರು, ಸಾಲಿ ಕಲಸಾಕ. ನಮ್ಮತ್ತಿ ಏನಂದ್ಲ ಗೊತ್ತೇನ? ಸಿದ್ದಲಿಂಗಿ ರೊಟ್ಟಿ ಕೈಗುಣ ಯಾರಿಗೂ ಇಲ್ಲ, ಅಕಿ ಹೋದ್ರ ಈ ಮನ್ಯಾಗ ಉಣ್ಣವ್ರ್ಯಾರು ಅಂದ್ಲು. ನಾ ಹಿಗ್ಗಿ ಕುಂತ್ನಿ. ಐವತ್ತು ವರ್ಷ ಆತು, ಕುಂತs ಇದ್ದೇನಿ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೀ ಆ ಪತ್ರ ಹಿಡಕೊಂಡ ನಗೂದ ನೋಡಿ ಹೊಟ್ಟ್ಯಾಗ ಕಿಚ್ಚ ಬಿತ್ತು ನೋಡವ್ವಾ. ನಾ ಹೋಗಲಿಲ್ಲ, ಇಕಿ ಹೆಂಗ ಹೋಗ್ತಾಳ ಅಂತ."

ಸಿಟ್ಟಿನಿಂದ ತಟ್ಟೆ ಎತ್ತಿ ಎಸೆಯಬೇಕು ಅನ್ನಿಸಿತು. ಅಳುವೂ ಬಂತು, ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ. ಅಷ್ಟರಲ್ಲಿ ಸಂಜೀವಕುಮಾರ ಊಟಕ್ಕೆ ಬಂದರು. ಕೊಯ್ದ ಕೇಕ್ ನೋಡಿ ಒಂದು ತುಂಡು ಬಾಯಿಗೆ ಹಾಕಿಕೊಂಡರು.

"ಇದು ವಿದ್ಯಾಂದು," ಎಂದರು. "ಹೌದಿಲ್ಲಬೇ?"

ಹೌದು, ವಿದ್ಯಾಳೇ ಮಾಡಿದ್ದು ಎಂದು ಅತ್ತೆ ಅಂದಿದ್ದರೆ ನಾನು ಹೋಗುವ ಮಾತು ಅಲ್ಲಿಗೇ ಮುಗಿದಿತ್ತು. ನಾನು ಅಲ್ಲ ಎಂದು ಎಷ್ಟು ಕೂಗಿದರೂ ಈ ಮನೆಯಲ್ಲಿ ಅವರ ನಾಲಿಗೆಯದೇ ಕೊನೆಯ ಮಾತು. ನಾನು ಒಲೆಯ ಕಟ್ಟೆಯನ್ನು ಹಿಡಿದುಕೊಂಡು ನಿಂತೆ.

"ಶಕೀಲಾ ಮಾಡಿದ್ದಪ್ಪ," ಎಂದರು ಅತ್ತೆ, ಮಗನ ಮುಖ ನೋಡದೆ. "ಕೈಗುಣ ಅಂದ ಸುಳ್ಳ ಹೇಳಿ ಹೆಂಗಸರನ್ನ ಕೂಡಸ್ತೀವಿ. ಇಕಿನ್ನ ಕಳಸು."

ಅವರು ಅರ್ಥವಾಗದೆ ನನ್ನನ್ನೂ ತಾಯಿಯನ್ನೂ ನೋಡಿದರು. ಸೋಮವಾರಕ್ಕೆ ಇನ್ನೂ ಮೂರು ದಿನ ಇದ್ದವು. ಅತ್ತೆಯನ್ನು ಕ್ಷಮಿಸಲು ಅಷ್ಟು ಸಾಲದು ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಅವರ ಖಾಲಿ ತಟ್ಟೆ ತೆಗೆದುಕೊಂಡು ಇನ್ನೊಂದು ತುಂಡು ಹಾಕಿಕೊಟ್ಟೆ, ಒಳಗೆ ಹೋಗಿ ಬಟ್ಟೆ ತುಂಬಲು ಬ್ಯಾಗ್ ಇಳಿಸಿದೆ.