ಮಸುಕಾದ ಬೇಟೆನಾಯಿ

ಮುಧೋಳದ ಬಸ್‌ಸ್ಟ್ಯಾಂಡ್ ಹತ್ತಿರ ಗಿರಮಲ್ಲಪ್ಪನ ಫೋಟೋ ಸ್ಟುಡಿಯೋ. ತಿಮ್ಮಾಪುರದ ಜಕ್ಕಪ್ಪನ ಬೇಟೆನಾಯಿ ಓಡುವಾಗ ತೆಗೆದ ಕಪ್ಪು-ಬಿಳುಪು ಫೋಟೋವನ್ನು ಅವನು ದೊಡ್ಡದು ಮಾಡಿ ಅಂಗಡಿಯ ಮುಂದಿನ ಗಾಜಿನ ಹಿಂದೆ ತೂಗುಹಾಕಿದ್ದ. ನೋಡಿದವರೆಲ್ಲ ಹೊಗಳಿದ್ದರು. ಅದರ ಇನ್ನೊಂದು ಪ್ರಿಂಟನ್ನು ಹುಬ್ಬಳ್ಳಿಯ ಫೋಟೋ ಸ್ಪರ್ಧೆಗೂ ಕಳಿಸಿದ್ದ. ಅಲ್ಲಿಯ ಪ್ರದರ್ಶನದ ಗೋಡೆಯ ಮೇಲೆ ತನ್ನ ಫೋಟೋ ಒಂದು ಇರಬೇಕೆಂಬುದೇ ಅವನ ಆಸೆ.

ಫೋಟೋ ವಾಪಸು ಬಂತು. ಮೂವತ್ತಕ್ಕೆ ಒಂಬತ್ತು ಅಂಕ. ಜೊತೆಗೊಂದು ಚೀಟಿ: ‘ನಾಯಿ ಮಸುಕು. ಮೂತಿ ಅಂಚಿಗೆ ತಾಗಿದೆ, ಮುಂದೆ ಓಡಲು ಜಾಗವಿಲ್ಲ.’

ಗಿರಮಲ್ಲಪ್ಪ ಗಾಜಿನ ಹಿಂದಿದ್ದ ಫೋಟೋ ಕಿತ್ತು ಬೆಂಚಿನಡಿ ಎಸೆದ.

"ನಾಯಿ ಓಡಿದ್ದನ್ನ ಕಂಡಾರೇನ ಅವ್ರು? ಇನ್ನ ಮ್ಯಾಲ ಪಾಸ್‌ಪೋರ್ಟ್ ಫೋಟೋನ ಸಾಕು. ಮಂದಿ ಅಲುಗಾಡೂದಿಲ್ಲ, ಮಾರ್ಕೂ ಯಾರೂ ಕೊಡೂದಿಲ್ಲ!"

ಡಾರ್ಕ್‌ರೂಮಿನಿಂದ ಹೆಂಡತಿ ಪದ್ಮವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಪ್ರಿಂಟು ತೊಳೆಯುವವಳು ಅವಳೇ. ಚೀಟಿ ಓದಿದಳು.

"ಬೈದದ್ದು ಫೋಟೋಕ್ಕರಿ, ನಿಮಗಲ್ಲ. ಮೂತಿ ಖರೇನ ಅಂಚಿಗೆ ಹತ್ತೈತಿ."

"ನೀನೂ ಅವ್ರ ಕಡೀನ?"

"ನಾ ಫೋಟೋದ ಕಡೆ. ಹೊಗಳಿದ ಮಂದಿ ಏನರ ಕಲಿಸಿದ್ರೇನ್ರಿ?"

ಎರಡು ದಿನ ಅವನು ಬರೀ ಪಾಸ್‌ಪೋರ್ಟ್ ಫೋಟೋ ತೆಗೆದ. ಮೂರನೆಯ ದಿನ ಬೆಂಚಿನಡಿಯಿಂದ ಫೋಟೋ ತೆಗೆದು ಧೂಳು ಒರೆಸಿದ. ಸಿಟ್ಟು ಇಳಿದ ಕಣ್ಣಿಗೆ ಕಂಡಿತು: ಹಿಂದೆ ಬಯಲೋ ಬಯಲು, ಮುಂದೆ ಬೆರಳಿಡಲೂ ಜಾಗವಿಲ್ಲ. ಕತ್ತರಿಸಿ ಸರಿಮಾಡೋಣವೆಂದರೆ ನೆಗೆಟಿವ್‌ನಲ್ಲಿಯೇ ಜಾಗವಿಲ್ಲ. ಮತ್ತೆ ತೆಗೆಯುವುದೊಂದೇ ದಾರಿ.

ಮೊದಲು ಕೈ ಪಳಗಲಿ ಎಂದು ಜಮಖಂಡಿ ರಸ್ತೆಯ ಬದಿ ನಿಂತ. ಸೈಕಲ್ ಬಂದರೆ ಅದರ ಜೊತೆಗೇ ಕ್ಯಾಮೆರಾ ತಿರುಗಿಸಿ ಬಟನ್ ಒತ್ತುತ್ತಿದ್ದ. ರೀಲು ತೊಳೆದರೆ ಎಲ್ಲ ಮಸುಕು. ಎಲ್ಲ ಸೈಕಲ್ಲೂ ಮುಂದಿನ ಅಂಚಿಗೇ! ಮತ್ತೆ ಸಿಟ್ಟು. ಮರುದಿನ ಪದ್ಮವ್ವ ಜೊತೆಗೆ ಬಂದು ಸೈಕಲ್‌ಗಳತ್ತ ನೋಡದೆ ಗಂಡನನ್ನೇ ನೋಡುತ್ತ ನಿಂತಳು. ನೋಡನೋಡುತ್ತ ನಕ್ಕುಬಿಟ್ಟಳು.

"ಯಾಕ ನಗತಿ?"

"ಬಟನ್ ಒತ್ತೂಮುಂದ ಉಸರು ಹಿಡದು ಕಲ್ಲಾಗಿ ನಿಲ್ತೀರಿ! ಪಾಸ್‌ಪೋರ್ಟ್ ಫೋಟೋಕ್ಕ ಕುಂತಾವ್ರು ನೀವೇನ್ರಿ?"

ಗಿರಮಲ್ಲಪ್ಪ ಕ್ಯಾಮೆರಾ ಕೆಳಗಿಳಿಸಿದ. ‘ಅಲುಗಾಡಬ್ಯಾಡ್ರಿ’ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ತಾನೇ ನಿಂತುಹೋಗುವ ಚಾಳಿ ಬಿದ್ದಿತ್ತು. ಬಟನ್ ಒತ್ತುವ ಹೊತ್ತಿಗೆ ಕೈ ನಿಲ್ಲುತ್ತಿತ್ತು, ಸೈಕಲ್ ಮುಂದೋಡುತ್ತಿತ್ತು. ಚೀಟಿ ಹೇಳಿದ ಎರಡು ತಪ್ಪಿಗೂ ಬೇರು ಒಂದೇ.

ಒತ್ತಿದ ಮೇಲೂ ಕೈ ತಿರುಗುತ್ತಲೇ ಇರಬೇಕು. ಅದಷ್ಟನ್ನೇ ರೂಢಿ ಮಾಡಿದ. ಮೊದಮೊದಲು ರೀಲಿಗೆ ಒಂದು ಸೈಕಲ್ ಸ್ಪಷ್ಟವಾಗಿ ಬಂತು, ಆಮೇಲೆ ನಾಲ್ಕೈದು. ಕಬ್ಬು ಕಡಿದು ಬಯಲಾದಾಗ ತಿಮ್ಮಾಪುರಕ್ಕೆ ಹೋಗಿ ಜಕ್ಕಪ್ಪನ ನಾಯಿಯನ್ನು ಮತ್ತೆ ಓಡಿಸಿದ.

ಮುಂದಿನ ವರ್ಷದ ಸ್ಪರ್ಧೆಯಿಂದಲೂ ಲಕೋಟೆ ವಾಪಸು ಬಂತು. ಹದಿನೇಳು ಅಂಕ. ಈ ಸಲವೂ ಪ್ರದರ್ಶನದ ಗೋಡೆಗೆ ಏರಲಿಲ್ಲ. ಚೀಟಿಯಲ್ಲಿ ಒಂದೇ ಸಾಲು: ‘ಆಕಾಶ ಬರೀ ಬಿಳುಪು.’

ಗಿರಮಲ್ಲಪ್ಪನ ಮೂಗು ಅರಳಿತು. ಪದ್ಮವ್ವ ಬೆಂಚಿನ ಕಡೆ ನೋಡಿದಳು. ಅವನು ಚೀಟಿಯನ್ನು ತಿರುವಿ ಹಿಂದೆಯೂ ನೋಡಿದ.

"ಮಸುಕು ಅಂದಿಲ್ಲಲ್ಲ ಈ ಸಲ?"

"ಅಂದಿಲ್ರಿ."

"ಜಾಗಾ ಇಲ್ಲಂತ?"

"ಅದೂ ಇಲ್ಲ."

ಅವನು ಫೋಟೋವನ್ನು ಗಾಜಿನ ಹಿಂದೆ ತೂಗುಹಾಕಿದ, ಪಕ್ಕದಲ್ಲಿ ಹಳೆಯದನ್ನೂ. ಆಮೇಲೆ ಪೆಟ್ಟಿಗೆಯಲ್ಲಿ ಕೈಯಾಡಿಸತೊಡಗಿದ.

"ಲೆನ್ಸಿಗೆ ಹಾಕೂ ಆ ಹಳದಿ ಫಿಲ್ಟರ್ ಎಲ್ಲಿಟ್ಟಿ? ಅದನ್ನ ಹಾಕಿದ್ರ ಆಕಾಶ ಕಪ್ಪೇರತೈತಿ. ನಡಿ, ಜಕ್ಕಪ್ಪಗ ಹೇಳಿ ಬರೂಣು."