ಊಟವಿಲ್ಲದ ಸೋಮವಾರ

ಸರಸ್ವತಿಪುರಂನಲ್ಲಿರುವ ನನ್ನ ಔಷಧಿ ಅಂಗಡಿಗೆ ಮಂಜುಳಮ್ಮ ಬಂದದ್ದು ಶ್ರಾವಣ ಸೋಮವಾರದ ಬೆಳಿಗ್ಗೆ. ತಿಂಗಳ ಹಿಂದಿನ ಚೀಟಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯ ಮುಂದೆ ಬಿಐಡಿ, ಏಸಿ ಎಂದಿತ್ತು. ಮಂಡಿನೋವಿನ ಮಾತ್ರೆಯ ಮುಂದೆ ಪಿಆರ್‌ಎನ್. ಲ್ಯಾಟಿನ್ನಿನ ಈ ಅಕ್ಷರಗಳಲ್ಲಿ ಡಾಕ್ಟರು ನಮಗೆ ಹೇಳುತ್ತಾರೆ. ರೋಗಿಗೆ ಕನ್ನಡದಲ್ಲಿ ಹೇಳಬೇಕಾದವರು ನಾವು.

“ಮಂಡಿದು ನೋವಿದ್ರೆ ಮಾತ್ರ. ಸಕ್ಕರೆದು ದಿನಕ್ಕೆರಡು ಸಲ, ಊಟಕ್ಕೆ ಮುಂಚೆ,” ಎಂದೆ.

“ಗೊತ್ತು ಕಣಮ್ಮ. ಬೆಳಿಗ್ಗೆ ತಪ್ಪದೆ ನುಂಗ್ತೀನಿ. ಸೋಮವಾರ ಉಪವಾಸ, ಊಟ ರಾತ್ರಿಗೇ. ಇವತ್ತಿಂದು ಇನ್ನೂ ಆಗಿಲ್ಲ, ಮಾತ್ರೆ ಖಾಲಿ.”

ನನಗೆ ರೇಗಿತು. ಊಟಕ್ಕೆ ಮುಂಚೆ ಎಂದರೆ ಮಾತ್ರೆ ನುಂಗಿದ ಬೆನ್ನಿಗೇ ಊಟ ಇರಬೇಕು. ಇಲ್ಲದಿದ್ದರೆ ಈ ಮಾತ್ರೆ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ.

ಡಾಕ್ಟರಿಗೆ ಫೋನ್ ಮಾಡಿದೆ. “ಬರೆದಿದ್ದನ್ನ ಕೊಡ್ರೀ,” ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ.

“ಉಪವಾಸದ ದಿನ ಏನು ಮಾಡ್ಬೇಕು ಅಂತ ನೀವು ಹೇಳೋವರೆಗೂ ಕೊಡಲ್ಲ ಸಾರ್.”

ಮಾತ್ರೆಯ ಹೆಸರನ್ನು ಇನ್ನೊಮ್ಮೆ ಓದಿಸಿಕೊಂಡರು.

“ಬೆಳಗಿಂದು ಬೇಡ. ರಾತ್ರಿ ಊಟದ ಮುಂಚಿಂದು ಸಾಕು. ನಾಳೆ ಬಂದು ಕಾಣಕ್ಕೆ ಹೇಳಿ,” ಎಂದರು, ಮೆತ್ತಗೆ.

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ಮುಂದೆ ತಟ್ಟೆ ಇದ್ದರೆ ಮಾತ್ರೆ. ತಟ್ಟೆ ಇಲ್ಲದಿದ್ದರೆ ಮಾತ್ರೆಯೂ ಇಲ್ಲ.

ಮಂಜುಳಮ್ಮ ಅದನ್ನು ಎರಡು ಸಲ ಓದಿಕೊಂಡರು.

“ಹೋದ ಸೋಮವಾರ ಪೂಜೆಗೆ ಕೂತಾಗ ಮೈಯೆಲ್ಲ ಬೆವತು, ನಡುಗಿ, ಕಣ್ಣು ಕತ್ತಲಾಗೋಯ್ತು,” ಎಂದರು. “ಹಂಗಾದ್ರೆ ಅದು ಮೈಮೇಲೆ ಶಿವ ಬಂದಿದ್ದಲ್ಲ ಅಂತೀಯಾ ಕಣಮ್ಮ?”